ಟೆಸ್ಟರ್ ಕಳಿಸಿದ ವಾಟ್ಸಾಪ್ ಮೆಸೇಜನ್ನು ಟಿಕೆಟ್ ಮಾಡುವುದು ಹೇಗೆ?

ಪ್ರಶ್ನೆ: ಉಡುಪಿಯ ಸಣ್ಣ ಕಂಪೆನಿಯೊಂದರಲ್ಲಿ ಟೆಸ್ಟಿಂಗ್ ಟೀಮ್ ನೋಡಿಕೊಳ್ಳುತ್ತೇನೆ. ಹುಡುಗರು ಕಳಿಸಿದ ಬಗ್‌ಗಳನ್ನು ನೀಟಾಗಿ ಬರೆದು ಹಾಕಿದರೂ ಡೆವಲಪರ್ "ನನ್ನ ಫೋನಲ್ಲಿ ಬರುದಿಲ್ಲ" ಅಂತ ಕ್ಲೋಸ್ ಮಾಡುತ್ತಾರೆ. ಒಂದು ಸ್ಯಾಂಪಲ್: "ಫಾರ್ಮಲ್ಲಿ ತುಂಬಿಸಿದ್ದೆಲ್ಲ ಹೋಗ್ತದೆ ಮಾರಾಯ್ರೇ. ಒಂದೊಂದು ಸಲ ಸರಿ ಉಂಟು. ಓಟಿಪಿ ಪ್ರಾಬ್ಲೆಮ್ ಅಂತ ಕಾಣ್ತದೆ. ಮತ್ತೆ ಪಿನ್‌ಕೋಡ್ ಐದೇ ಅಂಕೆ ಹಾಕಿದ್ರೂ ತೆಕೊಳ್ತದೆ."

ಉತ್ತರ: ಇದರಲ್ಲಿ ಬೆಲೆಬಾಳುವ ಮಾತು "ಒಂದೊಂದು ಸಲ ಸರಿ ಉಂಟು". ನೀಟಾಗಿ ಬರೆಯುವಾಗ ಮೊದಲು ಬಿಟ್ಟುಹೋಗುವುದೂ ಅದೇ. ಸರಿ ಇದ್ದಾಗ ಏನು ಮಾಡಿದ್ರಿ, ಹೋದಾಗ ಏನು ಮಾಡಿದ್ರಿ ಅಂತ ಹುಡುಗನನ್ನೇ ಕೇಳಿ. ಉತ್ತರ ಹೀಗೆ ಬಂತು ಅಂದುಕೊಳ್ಳಿ: ಓಟಿಪಿ ಮೇಲೆ ನೋಟಿಫಿಕೇಶನ್‌ನಲ್ಲಿ ಕಂಡರೆ ಅಲ್ಲೇ ಓದಿ ಹಾಕಿದೆ, ಕಾಣದಿದ್ದರೆ ಮೆಸೇಜ್ ಆ್ಯಪ್‌ಗೆ ಹೋಗಿ ಬಂದೆ.

ಗುಟ್ಟು ಅಲ್ಲಿದೆ. ಮೆಮೊರಿ ಸಾಲದಾದಾಗ ಆಂಡ್ರಾಯ್ಡ್ ಹಿಂದೆ ಕೂತ ಆ್ಯಪ್‌ಗಳನ್ನು ಮುಚ್ಚಿಬಿಡುತ್ತದೆ. ತುಂಬಿಸಿದ್ದನ್ನು ಆ್ಯಪ್ ಉಳಿಸಿಕೊಳ್ಳದಿದ್ದರೆ ವಾಪಸ್ ಬಂದಾಗ ಫಾರ್ಮ್ ಖಾಲಿ. ಡೆವಲಪರ್ ಫೋನಲ್ಲಿ ರ‍್ಯಾಮ್ ಜಾಸ್ತಿ, ಅಲ್ಲಿ ಇದು ಕಾಣುವುದೇ ಅಪರೂಪ. ಡೆವಲಪರ್ ಆಪ್ಷನ್ಸ್‌ನಲ್ಲಿ `Don't keep activities` ಆನ್ ಮಾಡಿದರೆ ಅವರ ಫೋನಲ್ಲೂ ಬರುವ ಸಾಧ್ಯತೆ ಜಾಸ್ತಿ, ಏಕೆಂದರೆ ಸ್ಕ್ರೀನ್ ಬಿಟ್ಟ ಕೂಡಲೇ ಅದು ಆ ಸ್ಕ್ರೀನನ್ನು ಅಳಿಸುತ್ತದೆ. ನೀವೇ ಮಾಡಿ ನೋಡಿ, ಆಮೇಲೆ ಬರೆಯಿರಿ. (ಕೆಲಸ ಮುಗಿದ ಮೇಲೆ ಆಫ್ ಮಾಡಿ, ಇಲ್ಲದಿದ್ದರೆ ಬೇರೆ ಆ್ಯಪ್‌ಗಳೂ ವಿಚಿತ್ರವಾಗಿ ಆಡುತ್ತವೆ.)

> ಶೀರ್ಷಿಕೆ: ಓಟಿಪಿ ನೋಡಲು ಹೊರಗೆ ಹೋಗಿ ಬಂದರೆ ಅರ್ಜಿ ಫಾರ್ಮ್ ಖಾಲಿ
> ಎಲ್ಲಿ: ಬಿಲ್ಡ್ 2.4.1, ಆಂಡ್ರಾಯ್ಡ್ 11, 2 ಜಿಬಿ ರ‍್ಯಾಮ್
> ಹಂತಗಳು:
> 1. `Don't keep activities` ಆನ್ ಮಾಡಿ.
> 2. ಹೊಸ ಅರ್ಜಿಯಲ್ಲಿ ಹೆಸರು, ವಿಳಾಸ, ಮೊಬೈಲ್ ನಂಬರ್ ತುಂಬಿಸಿ.
> 3. "ಓಟಿಪಿ ಕಳಿಸಿ" ಒತ್ತಿ.
> 4. ಹೋಮ್ ಒತ್ತಿ, ಮೆಸೇಜ್ ಆ್ಯಪ್ ತೆರೆದು, ವಾಪಸ್ ಬನ್ನಿ.
>
> ಆಗಬೇಕಾದ್ದು: ತುಂಬಿಸಿದ ಮೂರೂ ಹಾಗೇ ಇರಬೇಕು, ಓಟಿಪಿ ಬಾಕ್ಸ್ ಕಾಣಬೇಕು.
> ಆದದ್ದು: ಮೂರೂ ಖಾಲಿ, ಓಟಿಪಿ ಬಾಕ್ಸ್ ಇಲ್ಲ. ಎರರ್ ಮೆಸೇಜ್ ಬರಲಿಲ್ಲ.
> ಎಷ್ಟು ಸಲ: ಆನ್ ಇದ್ದಾಗ 5ಕ್ಕೆ 5, ಆಫ್ ಇದ್ದಾಗ 5ಕ್ಕೆ 2.

"ಫಾರ್ಮ್ ಸರಿಯಾಗಿ ಕೆಲಸ ಮಾಡಬೇಕು" ಅಂತ ಬರೆದರೆ ಏನೂ ಬರೆಯದ ಹಾಗೆಯೇ. ಕಣ್ಣಿಗೆ ಏನು ಕಾಣಬೇಕು ಅನ್ನುವುದನ್ನೇ ಬರೆಯಿರಿ. "ಓಟಿಪಿ ಪ್ರಾಬ್ಲೆಮ್" ಅನ್ನುವುದು ಹುಡುಗನ ಊಹೆ. ಅದನ್ನು "ಆದದ್ದು" ಕೆಳಗೆ ಹಾಕಿದರೆ ಟಿಕೆಟ್ ಸುಮ್ನೆ ಓಟಿಪಿ ನೋಡಿಕೊಳ್ಳುವವರ ಹತ್ತಿರ ಹೋಗಿ ಕೂರುತ್ತದೆ. ಅವನ ಮೆಸೇಜನ್ನು ಮಾತ್ರ ಕೊನೆಯಲ್ಲಿ ಇದ್ದ ಹಾಗೇ ಅಂಟಿಸಿ, ನೀವು ತಿದ್ದುವಾಗ ಏನಾದರೂ ತಪ್ಪಿದ್ದರೆ ಅಲ್ಲಿ ಸಿಗುತ್ತದೆ.

ಪಿನ್‌ಕೋಡಿಗೆ ಬೇರೆಯೇ ಟಿಕೆಟ್ ಬೇಕು. ಒಂದೇ ಟಿಕೆಟಲ್ಲಿ ಎರಡಿದ್ದರೆ, ಒಂದು ಸರಿಯಾದ ದಿನ ಎರಡೂ ಕ್ಲೋಸ್ ಆಗುತ್ತವೆ, ಅಲ್ವಾ? ಅಲ್ಲಿ ಹಾಕಿದ ಅಂಕೆಯನ್ನೇ ಕೊಡಿ: "57610 ಹಾಕಿ ಮುಂದುವರಿಸಿ ಒತ್ತಿದರೆ ಮುಂದಿನ ಪುಟ ಬರುತ್ತದೆ. 6 ಅಂಕೆ ಬೇಕು ಅಂತ ಹೇಳಿ ಅಲ್ಲೇ ನಿಲ್ಲಬೇಕಿತ್ತು."