ಎರಡು ಲಕ್ಷದ ಮಾರ್ಜಿನ್, ಎಂಟು ಲಕ್ಷದ ಹೊಣೆ: ಸಣ್ಣ ಗುತ್ತಿಗೆದಾರರ ಬ್ಯಾಂಕ್ ಗ್ಯಾರಂಟಿ

ಬ್ಯಾಂಕಿನ ಸಾಲ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಬ್ಯಾಂಕ್ ಗ್ಯಾರಂಟಿಗೆ ಸಹಿ ಹಾಕಲು ಬರುತ್ತಿದ್ದ ಗುತ್ತಿಗೆದಾರರಲ್ಲಿ ಬಹುಪಾಲು ಜನ ಒಂದೇ ಮಾತನ್ನು ಹೇಳುತ್ತಿದ್ದರು: ‘ಏನೇ ಆದರೂ ಹೋಗುವುದು ಮಾರ್ಜಿನ್ ಹಣ ತಾನೇ ಸಾರ್?’ ಈ ತಿಳಿವಳಿಕೆಯೇ ತಪ್ಪು. ಮಾರ್ಜಿನ್ ಎಂಬುದು ಬ್ಯಾಂಕು ತನ್ನ ರಕ್ಷಣೆಗಾಗಿ ಮುಂಚಿತವಾಗಿ ಹಿಡಿದಿಟ್ಟುಕೊಳ್ಳುವ ಒಂದು ಭಾಗವೇ ಹೊರತು ಗುತ್ತಿಗೆದಾರನ ನಷ್ಟಕ್ಕೆ ಹಾಕಿದ ಮಿತಿಯಲ್ಲ. ಗುತ್ತಿಗೆದಾರ ಕರಾರಿನಂತೆ ನಡೆಯದಿದ್ದರೆ, ಕೆಲಸ ಕೊಟ್ಟ ಸರ್ಕಾರಿ ಇಲಾಖೆಗೆ ಇಷ್ಟು ಹಣ ತಾನು ಕೊಡುತ್ತೇನೆಂದು ಬ್ಯಾಂಕು ಬರೆದುಕೊಡುವ ಪತ್ರವೇ ಬ್ಯಾಂಕ್ ಗ್ಯಾರಂಟಿ. ಬ್ಯಾಂಕಿನ ಲೆಕ್ಕದಲ್ಲಿ ಅದು ಇನ್ನೂ ಹಣ ಬಿಡುಗಡೆಯಾಗದ ಒಂದು ಸಾಲ; ಇಲಾಖೆಯ ಪತ್ರ ಬಂದ ದಿನ ಅದು ನಿಜವಾದ ಸಾಲವಾಗುತ್ತದೆ. ನಾನು ಹತ್ತಿರದಿಂದ ಕಂಡ ಒಂದು ಪ್ರಕರಣವನ್ನು, ಗುರುತು ಸಿಗದಂತೆ ಅಂಕಿಗಳನ್ನು ದುಂಡಗೆ ಮಾಡಿ, ಇಲ್ಲಿ ವಿವರಿಸುತ್ತೇನೆ.

ಕಾಮಗಾರಿ ₹1.60 ಕೋಟಿಯದು, ಸಿಮೆಂಟ್ ಕಾಂಕ್ರೀಟ್ ರಸ್ತೆ ಮತ್ತು ಅದರ ಪಕ್ಕದ ಚರಂಡಿ. ಕರಾರಿನಂತೆ ಶೇ 5ರಷ್ಟು, ಅಂದರೆ ₹8 ಲಕ್ಷದ ಕಾರ್ಯನಿರ್ವಹಣಾ ಭದ್ರತೆಯನ್ನು ಬ್ಯಾಂಕ್ ಗ್ಯಾರಂಟಿಯ ರೂಪದಲ್ಲಿ ಕೊಡಬೇಕಾಗಿತ್ತು. ಕೆಲಸಕ್ಕೆ 10 ತಿಂಗಳು, ಆಮೇಲೆ ಕೆಲಸದಲ್ಲಿ ಕಾಣುವ ದೋಷವನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ದೋಷ ಹೊಣೆಗಾರಿಕೆಯ ಅವಧಿ 24 ತಿಂಗಳು, ಅದರ ಮೇಲೆ ಇನ್ನೂ 2 ತಿಂಗಳು ಸೇರಿ ಗ್ಯಾರಂಟಿ 36 ತಿಂಗಳ ಕಾಲ ಊರ್ಜಿತವಾಗಿರಬೇಕಿತ್ತು. ಬ್ಯಾಂಕು ಶೇ 25ರ ಮಾರ್ಜಿನ್ ಕೇಳಿ ₹2 ಲಕ್ಷವನ್ನು ನಿಶ್ಚಿತ ಠೇವಣಿಯಲ್ಲಿ ಇರಿಸಿಕೊಂಡಿತು. ಉಳಿದ ₹6 ಲಕ್ಷಕ್ಕೆ ಈಗಾಗಲೇ ಅಡಮಾನವಾಗಿದ್ದ ಮನೆಯೇ ಆಧಾರವಾಯಿತು. ಅದೇ ದಿನ ಗುತ್ತಿಗೆದಾರರು ಕೌಂಟರ್ ಗ್ಯಾರಂಟಿ ಎಂಬ ಇನ್ನೊಂದು ಪತ್ರಕ್ಕೂ ಸಹಿ ಮಾಡಿದರು. ಬ್ಯಾಂಕು ಇಲಾಖೆಗೆ ಎಷ್ಟು ಕೊಡಬೇಕಾಗುತ್ತದೆಯೋ ಅಷ್ಟನ್ನೂ ಬಡ್ಡಿ ಸಮೇತ ತಾನು ಬ್ಯಾಂಕಿಗೆ ಕಟ್ಟಿಕೊಡುತ್ತೇನೆ ಎಂಬ ಒಪ್ಪಿಗೆ ಅದರಲ್ಲಿರುತ್ತದೆ. ಅದನ್ನು ಓದಿ ಸಹಿ ಮಾಡಿದವರನ್ನು ನಾನು ಕಂಡಿದ್ದು ಬಹಳ ಕಡಿಮೆ.

ಖರ್ಚಿನ ಲೆಕ್ಕ ಹೀಗಿತ್ತು. ಕಮಿಷನ್ ವರ್ಷಕ್ಕೆ ಶೇ 2. ಅದನ್ನು ಲೆಕ್ಕ ಹಾಕುವುದು ಗ್ಯಾರಂಟಿಯ ಪೂರ್ಣ ಮೊತ್ತದ ಮೇಲೆ, ಮಾರ್ಜಿನ್ ಕಳೆದು ಉಳಿದದ್ದರ ಮೇಲಲ್ಲ; ಹಾಗಾಗಿ ವರ್ಷಕ್ಕೆ ₹16,000, ಅದರ ಮೇಲೆ ಶೇ 18ರ ಜಿಎಸ್‌ಟಿ ₹2,880. ಊರ್ಜಿತಾವಧಿ ಮೂರು ವರ್ಷವಾದರೂ ಗ್ಯಾರಂಟಿ ಪತ್ರದಲ್ಲಿ ಇಲಾಖೆ ಹಣ ಕೇಳಲು ಇನ್ನೊಂದು ವರ್ಷದ ‘ಕ್ಲೈಮ್ ಅವಧಿ’ ಇದ್ದುದರಿಂದ ಬ್ಯಾಂಕು ನಾಲ್ಕು ವರ್ಷದ ಕಮಿಷನ್ ವಸೂಲು ಮಾಡಿತು. ಜಿಎಸ್‌ಟಿ ಬಿಟ್ಟು ₹64,000. ಹೂಡುವಳಿ ತೆರಿಗೆ ಜಮೆ ಪಡೆಯಲು ಅರ್ಹರಾದವರಿಗೆ ಆ ಜಿಎಸ್‌ಟಿ ವಾಪಸಾಗುತ್ತದೆ, ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಅದೂ ಖರ್ಚೇ.

ಪಟ್ಟಿಯಲ್ಲಿ ಕಾಣಿಸದ ಖರ್ಚು ಮಾರ್ಜಿನ್ ಹಣದ್ದು. ಠೇವಣಿಗೆ ಬಡ್ಡಿ ಬರುತ್ತದಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು, ಅದೇ ಹೊತ್ತಿನಲ್ಲಿ, ಮಿತಿಯೊಳಗೆ ಬೇಕಾದಾಗ ಸಾಲ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಹೆಚ್ಚಿನ ಬಡ್ಡಿಗೆ ಹಣ ತೆಗೆದು ಸಿಮೆಂಟ್ ಕೊಳ್ಳುತ್ತಿರುವುದನ್ನು ಮರೆತಿರುತ್ತಾರೆ. ಈ ಪ್ರಕರಣದಲ್ಲಿ ಠೇವಣಿಗೆ ಶೇ 6.5, ಸಾಲಕ್ಕೆ ಶೇ 11. ನಡುವಿನ ಶೇ 4.5ರ ಅಂತರವೆಂದರೆ ₹2 ಲಕ್ಷಕ್ಕೆ ವರ್ಷಕ್ಕೆ ₹9,000, ನಾಲ್ಕು ವರ್ಷಕ್ಕೆ ₹36,000. ಕಮಿಷನ್‌ಗೆ ಇದನ್ನು ಕೂಡಿಸಿದರೆ ಸರಿಯಾಗಿ ಒಂದು ಲಕ್ಷ ರೂಪಾಯಿ. ಟೆಂಡರ್‌ಗೆ ದರ ನಮೂದಿಸುವಾಗ ಈ ಲಕ್ಷವನ್ನು ಅವರು ಎಲ್ಲಿಯೂ ಸೇರಿಸಿರಲಿಲ್ಲ.

ಬ್ಯಾಂಕಿನಲ್ಲಿ ಸಾಲಕ್ಕೂ ಗ್ಯಾರಂಟಿಗೂ ಮಂಜೂರಾದ ಮಿತಿ ಇಲ್ಲದ ಹೊಸ ಗುತ್ತಿಗೆದಾರರಿಗೆ ಬ್ಯಾಂಕು ನೂರಕ್ಕೆ ನೂರು ಮಾರ್ಜಿನ್ ಕೇಳುವುದುಂಟು. ಅಂಥವರಿಗೆ ನಾನು ಹೇಳುವುದಿಷ್ಟೇ: ಪೂರ್ತಿ ₹8 ಲಕ್ಷವನ್ನು ಠೇವಣಿ ಇಟ್ಟು ಅದರ ಮೇಲೆ ಕಮಿಷನ್ ಕೂಡ ಕಟ್ಟುವ ಮೊದಲು, ಅದೇ ಠೇವಣಿ ರಸೀದಿಯನ್ನು ಇಲಾಖೆಯ ಹೆಸರಿಗೆ ಒತ್ತೆ ಮಾಡಿ ಕೊಡಲು ಟೆಂಡರ್ ಷರತ್ತಿನಲ್ಲಿ ಅವಕಾಶವಿದೆಯೇ ಎಂದು ನೋಡಿ. ಹಲವು ಕಡೆ ಇರುತ್ತದೆ, ಆಗ ಕಮಿಷನ್ ಪೂರ್ತಿ ಉಳಿಯುತ್ತದೆ.

ಈಗ ಕ್ಲೈಮ್ ಅವಧಿಯ ವಿಚಾರ. ನಮ್ಮ ಪ್ರಕರಣ ಹದಗೆಟ್ಟದ್ದು ಇಲ್ಲಿಯೇ. ಊರ್ಜಿತಾವಧಿಯೊಳಗೆ ಗುತ್ತಿಗೆದಾರನಿಂದ ಆದ ಲೋಪಕ್ಕೆ ಇಲಾಖೆಯು ಹಣ ಕೇಳಲು ಇರುವ ಹೆಚ್ಚುವರಿ ಕಾಲಾವಕಾಶವೇ ಕ್ಲೈಮ್ ಅವಧಿ; ಊರ್ಜಿತಾವಧಿ ಮುಗಿದ ನಂತರ ಆಗುವ ಲೋಪಕ್ಕೆ ಅದು ಅನ್ವಯಿಸುವುದಿಲ್ಲ. ಭಾರತೀಯ ಕರಾರು ಕಾಯ್ದೆ, 1872ರ 28ನೇ ಪ್ರಕರಣಕ್ಕೆ 2013ರಲ್ಲಿ ಸೇರಿದ ವಿನಾಯಿತಿಯನ್ನು ಆಧಾರ ಮಾಡಿಕೊಂಡು ಬ್ಯಾಂಕುಗಳು ಈ ಅವಧಿ ಕನಿಷ್ಠ 12 ತಿಂಗಳು ಇರಲೇಬೇಕೆಂದು ಪಟ್ಟು ಹಿಡಿಯುತ್ತಿದ್ದವು. ಆ ವಿನಾಯಿತಿಯು ನ್ಯಾಯಾಲಯದಲ್ಲಿ ಹಕ್ಕು ಚಲಾಯಿಸುವ ಕಾಲಮಿತಿಗೆ ಸಂಬಂಧಿಸಿದ್ದು, ಕ್ಲೈಮ್ ಅವಧಿಗಲ್ಲ ಎಂದು ದೆಹಲಿ ಹೈಕೋರ್ಟ್ 2021ರಲ್ಲಿ ಹೇಳಿದೆ. ಇಲಾಖೆಯ ನಮೂನೆಯಲ್ಲಿ ಕಡಿಮೆ ಅವಧಿ ಸಾಕೆಂದಿದ್ದರೆ, ಈ ತೀರ್ಪನ್ನು ಮುಂದಿಟ್ಟು ಬ್ಯಾಂಕಿನೊಡನೆ ಒಂದು ವರ್ಷದ ಕಮಿಷನ್ ಉಳಿಸುವ ಮಾತನಾಡಬಹುದು.

ಆ ರಸ್ತೆಯಲ್ಲಿ ವಿದ್ಯುತ್ ಕಂಬಗಳ ಸ್ಥಳಾಂತರ ತಡವಾದ್ದರಿಂದ ಕೆಲಸ ಮುಗಿಯಲು 14 ತಿಂಗಳು ಹಿಡಿಯಿತು. ಇಲಾಖೆ ದಂಡವಿಲ್ಲದೆ 4 ತಿಂಗಳ ಕಾಲ ವಿಸ್ತರಣೆಯನ್ನೂ ಕೊಟ್ಟಿತು. ಆದರೆ ಕೆಲಸ ಮುಗಿದ ದಿನದಿಂದ ಎಣಿಸುವ ದೋಷ ಹೊಣೆಗಾರಿಕೆಯೂ 4 ತಿಂಗಳು ಮುಂದಕ್ಕೆ ಹೋದದ್ದರಿಂದ, 36 ತಿಂಗಳ ಗ್ಯಾರಂಟಿ 40 ತಿಂಗಳಿಗೆ ವಿಸ್ತರಣೆಯಾಗಬೇಕಿತ್ತು. ಇಲಾಖೆಯಿಂದ ಎರಡು ಪತ್ರ ಬಂದವು. ‘ಇನ್ನೂ ಒಂದು ವರ್ಷ ಕ್ಲೈಮ್ ಅವಧಿ ಇದೆಯಲ್ಲ’ ಎಂದುಕೊಂಡು ಗುತ್ತಿಗೆದಾರರು ಅವನ್ನು ಕಡತಕ್ಕೆ ಸೇರಿಸಿ ಸುಮ್ಮನಾದರು. ಊರ್ಜಿತಾವಧಿ ಮುಗಿಯಲು ಮೂರು ದಿನ ಇರುವಾಗ ಮೂರನೆಯ ಪತ್ರ ನೇರವಾಗಿ ಬ್ಯಾಂಕಿಗೆ ಬಂತು: ಗ್ಯಾರಂಟಿಯನ್ನು 4 ತಿಂಗಳು ವಿಸ್ತರಿಸಿ, ಇಲ್ಲವಾದರೆ ಇದನ್ನೇ ಹಣದ ಬೇಡಿಕೆಯೆಂದು ಪರಿಗಣಿಸಿ ₹8 ಲಕ್ಷವನ್ನು ಪಾವತಿಸಿ. ಬ್ಯಾಂಕಿನವರು ‘ಎಕ್ಸ್‌ಟೆಂಡ್ ಆರ್ ಪೇ’ ಎಂದು ಕರೆಯುವ ಪತ್ರ ಇದೇ.

ವಿಸ್ತರಣೆಗೆ ತಗಲುತ್ತಿದ್ದ ಕಮಿಷನ್ ಜಿಎಸ್‌ಟಿ ಸೇರಿ ಸುಮಾರು ₹6,300. ಆದರೆ ಗುತ್ತಿಗೆದಾರರ ಲಿಖಿತ ಕೋರಿಕೆಯಿಲ್ಲದೆ ಬ್ಯಾಂಕು ವಿಸ್ತರಿಸುವಂತಿಲ್ಲ, ಮಿತಿಯ ನವೀಕರಣ ಬಾಕಿಯಿದ್ದರೆ ಕೋರಿಕೆ ಬಂದರೂ ಶಾಖೆಯ ಕೈ ಕಟ್ಟಿರುತ್ತದೆ. ಅವರು ಆ ವರ್ಷದ ಲೆಕ್ಕಪರಿಶೋಧಿತ ಪಟ್ಟಿಗಳನ್ನು ಕೊಟ್ಟಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವರು ಲೆಕ್ಕಪರಿಶೋಧಕರ ಕಚೇರಿಯಿಂದ ಕಾಗದಗಳನ್ನು ತರುವ ಹೊತ್ತಿಗೆ ಅನುಮತಿಗಾಗಿ ಮೇಲಿನ ಕಚೇರಿಗೆ ಬರೆಯುವಷ್ಟು ಸಮಯವೂ ಉಳಿದಿರಲಿಲ್ಲ. ಬ್ಯಾಂಕು ಹಣ ಕೊಟ್ಟಿತು.

‘ಕೆಲಸದಲ್ಲಿ ತಪ್ಪೇ ಇಲ್ಲ, ಹೇಗೆ ಕೊಟ್ಟಿರಿ?’ ಎಂದು ಅವರು ಕೇಳಿದ್ದು ಸಹಜ. ಷರತ್ತುರಹಿತ ಗ್ಯಾರಂಟಿಯಲ್ಲಿ ಕೆಲಸದ ಸರಿ ತಪ್ಪನ್ನು ಬ್ಯಾಂಕು ವಿಚಾರಿಸುವ ಹಾಗಿಲ್ಲ. ‘ಯಾವುದೇ ತಕರಾರಿಲ್ಲದೆ, ಬೇಡಿಕೆ ಬಂದ ಕೂಡಲೇ’ ಎಂದು ಅದು ಬರೆದುಕೊಟ್ಟಿರುತ್ತದೆ. ಬ್ಯಾಂಕು ನೋಡುವುದು ಪತ್ರವನ್ನು ಮಾತ್ರ: ಅವಧಿಯೊಳಗೆ ಬಂದಿದೆಯೇ, ಮೊತ್ತ ಮೀರಿಲ್ಲವೇ, ಗ್ಯಾರಂಟಿಯಲ್ಲಿ ಹೇಳಿದ ಮಾತುಗಳಲ್ಲೇ ಬೇಡಿಕೆ ಇದೆಯೇ, ಅಧಿಕಾರವುಳ್ಳವರೇ ಸಹಿ ಮಾಡಿದ್ದಾರೆಯೇ. ಕೊನೆಯದನ್ನು ಸಣ್ಣದೆಂದು ತಿಳಿಯಬಾರದು. ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಮತ್ತು ಬಿಹಾರ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ, ಮುಖ್ಯ ಎಂಜಿನಿಯರ್ ಮಾತ್ರ ಕೇಳಬಹುದಾಗಿದ್ದ ಗ್ಯಾರಂಟಿಯ ಹಣವನ್ನು ಕಾರ್ಯಪಾಲಕ ಎಂಜಿನಿಯರ್ ಕೇಳಿದ್ದು ಸರಿಯಲ್ಲ ಎಂದಿತು. ಆದ್ದರಿಂದ ಬೇಡಿಕೆ ಪತ್ರದ ಪ್ರತಿಯನ್ನು ಬ್ಯಾಂಕಿನಿಂದ ಅದೇ ದಿನ ಪಡೆದು, ಗ್ಯಾರಂಟಿಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ ನೋಡಬೇಕು. ಅಲ್ಲಿ ಕೊರತೆಯಿಲ್ಲದಿದ್ದರೆ ನ್ಯಾಯಾಲಯದ ತಡೆಯಾಜ್ಞೆಗೆ ಉಳಿಯುವುದು ಬಹಳ ಕಿರಿದಾದ ದಾರಿ. ಗ್ಯಾರಂಟಿಯ ಬುಡವನ್ನೇ ಕೆಡಿಸುವಂಥ ಘೋರ ವಂಚನೆ, ಇಲ್ಲವೇ ಮುಂದೆ ಸರಿಪಡಿಸಲಾಗದ ಅನ್ಯಾಯ ಇದ್ದರೆ ಮಾತ್ರ ನ್ಯಾಯಾಲಯ ಪಾವತಿಯನ್ನು ತಡೆಯುತ್ತದೆ. ಬಿಲ್ಲು ಬಾಕಿಯಿದೆ, ವಿಳಂಬ ನಮ್ಮದಲ್ಲ ಎಂಬ ವಾದಗಳು ಅಲ್ಲಿ ನಿಲ್ಲುವುದಿಲ್ಲ.

ಇತ್ತ ಬ್ಯಾಂಕಿನೊಳಗೆ ಅದೇ ಸಂಜೆ ಲೆಕ್ಕ ಹೀಗೆ ತಿರುಗಿತು. ಮಾರ್ಜಿನ್ ಠೇವಣಿಯನ್ನು ಮುರಿದಾಗ ಬಡ್ಡಿ ಸೇರಿ ಸುಮಾರು ₹2.4 ಲಕ್ಷ ಬಂತು. ಉಳಿದ ₹5.6 ಲಕ್ಷ ಕ್ಯಾಶ್ ಕ್ರೆಡಿಟ್ ಖಾತೆಗೆ ಖರ್ಚು ಬಿತ್ತು. ₹15 ಲಕ್ಷ ಮಿತಿಯ ಆ ಖಾತೆಯಲ್ಲಿ ಮೊದಲೇ ₹13.2 ಲಕ್ಷ ಬಾಕಿಯಿದ್ದುದರಿಂದ ಬಾಕಿ ₹18.8 ಲಕ್ಷಕ್ಕೆ ಏರಿ, ಮಿತಿಗಿಂತ ₹3.8 ಲಕ್ಷ ಹೆಚ್ಚಾಯಿತು. ಆ ₹5.6 ಲಕ್ಷದ ಬಾಕಿಯನ್ನು ಬೇರೆ ಖಾತೆಯಲ್ಲಿ ತೋರಿಸಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ. ಇನ್‌ವೋಕ್ ಆದ, ಅಂದರೆ ಇಲಾಖೆ ಹಣ ಕೇಳಿ ಪಡೆದ ಗ್ಯಾರಂಟಿಯ ಬಾಕಿಯನ್ನು ಮುಖ್ಯ ಖಾತೆಯ ಭಾಗವೆಂದೇ ಎಣಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬಾಕಿ ಸತತ 90 ದಿನಕ್ಕಿಂತ ಹೆಚ್ಚು ಕಾಲ ಮಿತಿ ಮೀರಿಯೇ ಇದ್ದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಆಗುತ್ತದೆ, ಮತ್ತು ಆ ವರ್ಗೀಕರಣ ಖಾತೆಗಲ್ಲ, ಸಾಲಗಾರನಿಗೆ. ಅದೇ ಬ್ಯಾಂಕಿನಲ್ಲಿ ಒಂದು ಕಂತೂ ತಪ್ಪದೆ ನಡೆಯುತ್ತಿದ್ದ ಅವರ ಟಿಪ್ಪರ್ ಸಾಲವೂ ಎನ್‌ಪಿಎ ಆಗುತ್ತಿತ್ತು. ಎನ್‌ಪಿಎ ಆದವರಿಗೆ ಹೊಸ ಗ್ಯಾರಂಟಿ ಸಿಗುವುದು ಕಷ್ಟ, ಗ್ಯಾರಂಟಿ ಸಿಗದಿದ್ದರೆ ಮುಂದಿನ ಕಾಮಗಾರಿಯೂ ಇಲ್ಲ. ಅವರು ಸಂಬಂಧಿಕರಿಂದ ಸಾಲ ತಂದು 70ನೆಯ ದಿನ ಖಾತೆಯನ್ನು ಮಿತಿಯೊಳಕ್ಕೆ ಇಳಿಸಿದರು.

ಇಲಾಖೆಯ ಕೈಗೆ ಹೋದ ₹8 ಲಕ್ಷ ಪೂರ್ತಿ ಇಲಾಖೆಯದೇ ಎಂದೇನೂ ಅಲ್ಲ. ಗ್ಯಾರಂಟಿ ನಗದಾಗುವುದು ಬೇರೆ, ಕರಾರಿನಂತೆ ನಷ್ಟ ಎಷ್ಟೆಂದು ತೀರ್ಮಾನವಾಗುವುದು ಬೇರೆ. ಹೆಚ್ಚಾಗಿ ಹೋದದ್ದನ್ನು ಗುತ್ತಿಗೆದಾರನು ಕರಾರಿನಲ್ಲಿ ಹೇಳಿದ ವಿವಾದ ಪರಿಹಾರದ ಮೂಲಕ ಅಥವಾ ಸಿವಿಲ್ ದಾವೆಯ ಮೂಲಕ ಕೇಳಬಹುದು. ಇವರು ದಾವೆಗೆ ಹೋಗಲಿಲ್ಲ. ದೋಷ ಹೊಣೆಗಾರಿಕೆ ಮುಗಿಯುವವರೆಗೆ ಕಾದು, ರಸ್ತೆಯ ಜಂಟಿ ಪರಿಶೀಲನೆ ಮಾಡಿಸಿ, ಚರಂಡಿಯ ದುರಸ್ತಿಗೆ ಇಲಾಖೆ ತೋರಿಸಿದ ₹40,000 ಕಳೆದು ಉಳಿದ ₹7.6 ಲಕ್ಷಕ್ಕೆ ಅಂತಿಮ ಲೆಕ್ಕದಲ್ಲಿ ಬೇಡಿಕೆಯಿಟ್ಟರು. ಹಣ ಬಂದದ್ದು ಬ್ಯಾಂಕು ಪಾವತಿಸಿದ 14 ತಿಂಗಳ ನಂತರ, ಬಡ್ಡಿಯಿಲ್ಲದೆ. ಅದು ನೇರವಾಗಿ ಕ್ಯಾಶ್ ಕ್ರೆಡಿಟ್ ಖಾತೆಗೆ ಜಮೆಯಾಯಿತು. ಅಷ್ಟರಲ್ಲಿ ಒಪ್ಪಿಕೊಂಡಿದ್ದ ಹೊಸ ಕೆಲಸದ ಗ್ಯಾರಂಟಿಗೆ ಬ್ಯಾಂಕು ಈ ಬಾರಿ ಶೇ 25ರ ಬದಲು ಶೇ 50ರ ಮಾರ್ಜಿನ್ ಕೇಳಿತ್ತು.