ಜೂನಿಯರ್ ಗೇಮ್ ಡಿಸೈನರ್ ಕವರ್ ಲೆಟರ್: ಪ್ರೊಟೊಟೈಪ್ ಬಗ್ಗೆ ಬರೆಯುವ ಆ ಒಂದು ಪ್ಯಾರಾ

ಡಿಗ್ರಿ ಈಗಷ್ಟೇ ಮುಗಿದಿದೆ. ಅನುಭವ ಇಲ್ಲ, ಕೈಯಲ್ಲಿರುವುದು ನಾಲ್ಕೈದು ಪುಟ್ಟ ಪ್ರೊಟೊಟೈಪ್‌ಗಳು ಮಾತ್ರ. ಆಗ ಕವರ್ ಲೆಟರ್‌ನ ಭಾರವೆಲ್ಲ ಒಂದೇ ಪ್ಯಾರಾದ ಮೇಲೆ ಬೀಳುತ್ತದೆ. "ಚಿಕ್ಕಂದಿನಿಂದ ಗೇಮ್ ಅಂದ್ರೆ ಪ್ರಾಣ" ಅನ್ನುವ ಸಾಲನ್ನು ಮೊದಲು ಹೊಡೆದುಹಾಕಿ. ಅರ್ಜಿ ಹಾಕುವ ಎಲ್ಲರದ್ದೂ ಅದೇ ಕಥೆ ಅಲ್ವಾ!

ಪತ್ರ ಹೇಗೂ ಇಂಗ್ಲಿಷ್‌ನಲ್ಲಿ ಹೋಗುತ್ತದೆ. ಸಾರವನ್ನಷ್ಟೇ ಇಲ್ಲಿ ಕನ್ನಡದಲ್ಲಿ ನೋಡೋಣ. ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

"ಯೂನಿಟಿಯಲ್ಲಿ 2ಡಿ ಪ್ಲಾಟ್‌ಫಾರ್ಮರ್ ಮಾಡಿದ್ದೇನೆ. ಡಬಲ್ ಜಂಪ್, ಮೂರು ಲೆವೆಲ್ ಇವೆ."

ಗೇಮ್‌ನಲ್ಲಿ ಏನಿದೆ ಅಂತ ಗೊತ್ತಾಯಿತು. ಡಿಸೈನರ್ ಏನು ಯೋಚಿಸಿದರು ಅಂತ ಗೊತ್ತಾಗಲಿಲ್ಲ. ಅದೇ ಗೇಮ್ ಬಗ್ಗೆ ಹೀಗೆ ಬರೆದರೆ?

"ಬೇರೆಯವರ ಕೈಲಿ ಆಡಿಸಿದಾಗ ಎರಡನೇ ಹಳ್ಳದಲ್ಲಿ ತುಂಬಾ ಜನ ಬಿದ್ದರು. 'ಬಟನ್ ಒತ್ತಿದೆ, ಹಾರಲೇ ಇಲ್ಲ' ಅಂದರು. ರೆಕಾರ್ಡಿಂಗ್ ನಿಧಾನಕ್ಕೆ ಓಡಿಸಿ ನೋಡಿದೆ. ಕಾಲು ಅಂಚು ದಾಟಿದ ಮೇಲೆ ಒತ್ತಿದ್ದರು. ಹಳ್ಳವನ್ನು ಕಿರಿದು ಮಾಡಲಿಲ್ಲ. ಅಂಚು ದಾಟಿದ ಮೇಲೂ ಸ್ವಲ್ಪ ಹೊತ್ತು ಜಂಪ್‌ಗೆ ಅವಕಾಶ ಕೊಟ್ಟೆ. 0.25 ಸೆಕೆಂಡ್ ಇಟ್ಟಾಗ ಗಾಳಿಯಲ್ಲಿ ನಡೆದ ಹಾಗೆ ಕಂಡಿತು. 0.1ಕ್ಕೆ ಇಳಿಸಿದೆ, ದೂರು ನಿಂತಿತು."

ಈ ಉಪಾಯಕ್ಕೆ ಕಯೋಟಿ ಟೈಮ್ ಅನ್ನುತ್ತಾರೆ. ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡುತ್ತಿದ್ದರೆ 0.1 ಸೆಕೆಂಡ್ ಅಂದರೆ 6 ಫ್ರೇಮ್. ಉಪಾಯ ಹೊಸದೇನಲ್ಲ, ಅದು ಪರವಾಗಿಲ್ಲ. ಆಟಗಾರರ ದೂರಿನಿಂದ ನಿಜವಾದ ಕಾರಣಕ್ಕೆ ಹೋದದ್ದು, ಹಳ್ಳ ಕಿರಿದು ಮಾಡುವ ಸುಲಭದ ದಾರಿ ಬಿಟ್ಟದ್ದು, ಅಂಕಿಯನ್ನು ಆಡಿಸಿ ನೋಡಿ ಇಳಿಸಿದ್ದು, ಇಷ್ಟೂ ಅದರಲ್ಲಿ ಕಾಣುತ್ತದೆ. ನನಗಂತೂ ಆ 0.25ರ ಸಾಲೇ ಇಡೀ ಪ್ಯಾರಾದ ಜೀವ ಅನಿಸುತ್ತದೆ, ಅದನ್ನು ಸುಮ್ನೆ ಕೂತು ಕಲ್ಪಿಸಿ ಬರೆಯುವುದು ಕಷ್ಟ. ಕಲ್ಪಿಸಿ ಬರೆದರೂ ಇಂಟರ್‌ವ್ಯೂನಲ್ಲಿ "ಹಳ್ಳ ಯಾಕೆ ಕಿರಿದು ಮಾಡಲಿಲ್ಲ?" ಅಂತ ಕೇಳಿದ ತಕ್ಷಣ ಬಣ್ಣ ಬಯಲು. "ಮುಂದಿನ ಲೆವೆಲ್‌ನ ಹಳ್ಳಗಳಿಗೆ ಇದೇ ಅಗಲ ಅಳತೆ, ಇದು ಬದಲಾದರೆ ಅವೂ ಬದಲಾಗಬೇಕು" ಅನ್ನುವಂಥ ಉತ್ತರ ನಿಜವಾಗಿ ಗೇಮ್ ಮಾಡಿದವರಿಗೆ ಮಾತ್ರ ಹೊಳೆಯುತ್ತದೆ.

ಪ್ರೊಟೊಟೈಪ್ ಗೇಮ್ ಜಾಮ್‌ನಲ್ಲಿ ತಂಡವಾಗಿ ಮಾಡಿದ್ದಾದರೆ "ನಾವು" ಅಂತ ತೇಲಿಸಬೇಡಿ. "ಲೆವೆಲ್ ಮತ್ತು ಜಂಪ್ ಟ್ಯೂನಿಂಗ್ ನನ್ನದು, ಚಿತ್ರ ಗೆಳತಿಯದು" ಅಂದರೆ ಸಾಕು. ಉಳಿದ ಪ್ರೊಟೊಟೈಪ್‌ಗಳಿಗೆ ಒಂದೊಂದು ಸಾಲು ಸಾಲದೇ?

ಲಿಂಕ್ ವಿಷಯ. ಜಿಪ್ ಫೈಲ್ ಇಳಿಸಿಕೊಂಡು ಗುರುತಿಲ್ಲದ ಪ್ರೋಗ್ರಾಂ ಓಡಿಸಲು ಆಫೀಸಿನಲ್ಲಿ ಯಾರೂ ಹೋಗುವುದಿಲ್ಲ. ಬ್ರೌಸರ್‌ನಲ್ಲೇ ಆಡುವ ಹಾಗೆ WebGL ಬಿಲ್ಡ್ ಮಾಡಿ itch.io ಗೆ ಹಾಕಿ, ಯಾವ ಕೀ ಏನು ಮಾಡುತ್ತದೆ ಅಂತ ಪುಟದಲ್ಲೇ ಬರೆಯಿರಿ. ಪುಟ Draft ಸ್ಥಿತಿಯಲ್ಲೇ ಉಳಿದರೆ ನಿಮಗೆ ಸರಿಯಾಗಿ ಕಾಣುತ್ತದೆ, ಅವರಿಗೆ ತೆರೆಯುವುದಿಲ್ಲ. ಕಳಿಸುವ ಮುಂಚೆ ಲಾಗಿನ್ ಇಲ್ಲದ ಇನ್‌ಕಾಗ್ನಿಟೊ ವಿಂಡೋದಲ್ಲಿ ಒಮ್ಮೆ ತೆರೆದು, ಮೊದಲ ಹಳ್ಳ ಹಾರಿ ನೋಡಿ.