ಮ್ಯಾಪ್ ತುಂಬಾ ಐಕಾನ್ ನೋಡಿ ಸಾಕಾಗಿದೆ, ಏನು ಆಡಲಿ?

ಪ್ರಶ್ನೆ: ದೊಡ್ಡ ಬಜೆಟ್‌ನ ಓಪನ್ ವರ್ಲ್ಡ್ ಗೇಮ್‌ಗಳೆಲ್ಲ ಒಂದೇ ಥರ ಅನ್ನಿಸ್ತಿದೆ. ಟವರ್ ಹತ್ತು, ಮ್ಯಾಪ್ ತೆರೆ, ಐಕಾನ್ ಹಿಂದೆ ಓಡು. ಸಣ್ಣ ತಂಡಗಳು ಮಾಡಿದ್ದರಲ್ಲಿ ಬೇರೆ ಥರದ್ದು ಇದ್ಯಾ?
– ಚಿತ್ರದುರ್ಗದ ಓದುಗರೊಬ್ಬರು

ಇದೆ. ಔಟರ್ ವೈಲ್ಡ್ಸ್ ಆಡಿ. ಮೋಬಿಯಸ್ ಡಿಜಿಟಲ್ ಅನ್ನೋ ತಂಡದ್ದು, 2019ರಲ್ಲಿ ಬಂತು. ಅದೇ ವರ್ಷ ಔಟರ್ ವರ್ಲ್ಡ್ಸ್ ಅಂತ ಇನ್ನೊಂದು ಗೇಮ್ ಬಂದಿದೆ, ಕೊಳ್ಳುವಾಗ ಹೆಸರು ಸರಿಯಾಗಿ ನೋಡಿ.

ನಿಮಗೆ ಬೇಸರ ಬಂದಿರೋದು ದೊಡ್ಡ ಜಾಗದಿಂದಲ್ಲ, ಏನೆಲ್ಲಿದೆ ಅಂತ ಗೇಮೇ ಮೊದಲು ಹೇಳಿಬಿಡೋದರಿಂದ. ಇಲ್ಲಿ ಹಾಗಿಲ್ಲ. ನಿಮಗೊಂದು ಸಣ್ಣ ಸೌರಮಂಡಲ, ಒಂದು ಹಳೇ ಮರದ ಗಗನನೌಕೆ ಸಿಗುತ್ತೆ. ಎಲ್ಲಿಗೆ ಬೇಕಾದರೂ ಹಾರಬಹುದು. ಆದರೆ 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮುಗಿಯುತ್ತೆ, ಮತ್ತೆ ಶುರುವಿನಲ್ಲೇ ಎಚ್ಚರ. ಹೊಸ ಆಯುಧ ಇಲ್ಲ, ಲೆವೆಲ್ ಇಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಬರೋದು ನೀವು ತಿಳಿದುಕೊಂಡಿದ್ದು ಮಾತ್ರ. ಅದನ್ನು ನೌಕೆಯೊಳಗಿನ ಶಿಪ್ ಲಾಗ್ ಬರೆದಿಟ್ಟುಕೊಳ್ಳುತ್ತೆ.

ಒಂದು ಉದಾಹರಣೆ ಸಾಕು, ಇಷ್ಟು ಹೇಳಿದರೆ ಆಟ ಕೆಡೋದಿಲ್ಲ. ಒಂದನ್ನೊಂದು ಸುತ್ತುವ ಅವಳಿ ಗ್ರಹಗಳಿವೆ. ಒಂದರ ಮರಳು ಕಂಬದ ಹಾಗೆ ಇನ್ನೊಂದಕ್ಕೆ ಸುರಿಯುತ್ತಲೇ ಇರುತ್ತೆ. ಎಂಬರ್ ಟ್ವಿನ್‌ನ ಗುಹೆಗಳಿಗೆ ಬೇಗ ಹೋದರೆ ಕೆಳಗೆ ದಾರಿ ತೆರೆದಿರುತ್ತೆ. ತಡವಾದರೆ ಮರಳು ತುಂಬಿ ಅಲ್ಲೇ ಜಜ್ಜಿಹೋಗ್ತೀರಿ. ಆಶ್ ಟ್ವಿನ್‌ನಲ್ಲಿ ಉಲ್ಟಾ: ಮೊದಲು ಬರೀ ಮರಳು, ಕಾದರೆ ಹೂತಿದ್ದ ಗೋಪುರಗಳು ಮೇಲೇಳುತ್ತವೆ. ಬೀಗ ಇರೋದು ಬಾಗಿಲಿಗಲ್ಲ, ಹೊತ್ತಿಗೆ. ಅದು ನಿಮಗೇ ಹೊಳೆಯಬೇಕು. ನಿಮ್ಮೂರಿನ ಕೋಟೆಯಲ್ಲಿ ಗೈಡ್ ಇಲ್ಲದೆ ಅಲೆದು ಓಬವ್ವನ ಕಿಂಡಿ ಕಂಡುಹಿಡಿದ ಹಾಗೆ.

ಹಾಗಾಗಿ ಯೂಟ್ಯೂಬ್‌ನಲ್ಲಿ ವಾಕ್‌ಥ್ರೂ ನೋಡಬೇಡಿ. ಗುಟ್ಟು ಗೊತ್ತಾದ ಮೇಲೆ ಈ ಗೇಮ್‌ನಲ್ಲಿ ಮಾಡೋಕೆ ಏನೂ ಉಳಿಯಲ್ಲ. ಸಿಕ್ಕಿಹಾಕಿಕೊಂಡರೆ ಶಿಪ್ ಲಾಗ್ ತೆರೆಯಿರಿ, ಯಾವ ಜಾಗದಲ್ಲಿ ಇನ್ನೂ ನೋಡೋದು ಬಾಕಿ ಇದೆ ಅಂತ ಅದೇ ತೋರಿಸುತ್ತೆ. ಆಟೋಪೈಲಟ್ ಹಾಕಿ ಸುಮ್ನೆ ಕೂರಬೇಡಿ, ದಾರಿಯಲ್ಲಿ ಸೂರ್ಯ ಅಡ್ಡ ಬಂದರೆ ಅದು ತಪ್ಪಿಸಲ್ಲ, ನೇರ ಒಳಗೇ ನುಗ್ಗಿಸುತ್ತೆ! ನೌಕೆ ಓಡಿಸಲು ಕೀಬೋರ್ಡ್‌ಗಿಂತ ಕಂಟ್ರೋಲರ್ ವಾಸಿ.

ಎಲ್ಲರಿಗೂ ಇದು ಹಿಡಿಸಲ್ಲ. ಶುರುವಿನಲ್ಲಿ ದಿಕ್ಕೇ ತೋಚಲ್ಲ, ಕೆಲವರಿಗೆ ತಲೆ ಸುತ್ತುತ್ತೆ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಾಲ್ಕು ಸುತ್ತು ಆಡಿದರೂ ಒಂದೂವರೆ ಗಂಟೆ, ತೀರ್ಮಾನಕ್ಕೆ ಅಷ್ಟು ಸಾಕು.

ಲ್ಯಾಪ್‌ಟಾಪ್ ಹಳೇದಾ? ಹಾಗಾದರೆ ಎ ಶಾರ್ಟ್ ಹೈಕ್ ನೋಡಿ. ಅದೂ 2019ರದ್ದೇ, ತೀರಾ ಹಗುರ. ಕ್ಲೇರ್ ಅನ್ನೋ ಹಕ್ಕಿ ಫೋನ್ ಸಿಗ್ನಲ್‌ಗಾಗಿ ಬೆಟ್ಟ ಹತ್ತುತ್ತೆ. ಚಿನ್ನದ ಗರಿ ಸಿಕ್ಕಷ್ಟೂ ಜಾಸ್ತಿ ಎತ್ತರ ಹತ್ತಬಹುದು. ಒಂದು ಸಂಜೆಯಲ್ಲಿ ಮುಗಿಯುತ್ತೆ.